ಗೋಳದಲ್ಲಿ ಸ್ಟ್ರೆಸ್ ಅರ್ಧ, ಆದರೆ ಪ್ಲೇಟ್ ಅರ್ಧ ಸಾಲದು: ಮಾಚೇನಹಳ್ಳಿಯ ಒಂದು ಏರ್ ಟ್ಯಾಂಕಿನ ಪ್ರಕರಣ

ಶಿವಮೊಗ್ಗ–ಭದ್ರಾವತಿ ರಸ್ತೆಯ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಫ್ಯಾಬ್ರಿಕೇಶನ್ ಶೆಡ್ಡಿಗೆ ಕಂಪ್ರೆಸರ್ ಅದುಮಿದ ಗಾಳಿ ಕೂಡಿಡುವ ಎರಡು ಏರ್ ರಿಸೀವರ್ ಟ್ಯಾಂಕುಗಳ ಆರ್ಡರ್ ಬಂದಿತ್ತು. ಕೊಳ್ಳುವವರು ಒಂದು ಫೌಂಡ್ರಿಯವರು. ಅವರ ಹಳೇ ಟ್ಯಾಂಕ್ ತಳಭಾಗದಲ್ಲಿ ತುಕ್ಕು ಹಿಡಿದು ತೆಳುವಾಗಿತ್ತು. ಡಿಸೈನ್ ಲೆಕ್ಕ ನೋಡುವ ಕೆಲಸ ನನ್ನದು.

ಎರಡೂ ಟ್ಯಾಂಕಿನ ಅಳತೆ ಒಂದೇ. ನಡುವೆ ಸಿಲಿಂಡರ್ ಶೆಲ್, ಒಳ ತ್ರಿಜ್ಯ 500 ಎಂಎಂ, ಉದ್ದ 2 ಮೀಟರ್. ಎರಡು ತುದಿಗೂ ಅರ್ಧಗೋಳದ ಡಿಶ್ ಎಂಡ್, ಅದರ ತ್ರಿಜ್ಯವೂ 500. ಡಿಸೈನ್ ಪ್ರೆಶರ್ 10 ಬಾರ್, ಅಂದರೆ 1 ಮೆಗಾಪ್ಯಾಸ್ಕಲ್. ಮೊದಲ ಟ್ಯಾಂಕನ್ನು ಪೂರ್ತಿ 8 ಎಂಎಂ ದಪ್ಪದಲ್ಲೇ ಮಾಡಿದ್ದರು. ಪ್ಲೇಟ್ ಒತ್ತಿದಾಗ ಸ್ವಲ್ಪ ತೆಳುವಾಗುತ್ತದೆ, ಅದಕ್ಕೇ ಡಿಶ್ ಎಂಡಿಗೆ ಇನ್ನೂ ದಪ್ಪ ಪ್ಲೇಟ್ ತಗೊಂಡು, ಕೊನೆಗೆ 8ರ ಆಸುಪಾಸು ಉಳಿಯುವ ಹಾಗೆ ನೋಡಿಕೊಂಡಿದ್ದರು. ಹೀಗಾಗಿ ಒಂದೇ ಟ್ಯಾಂಕಿನಲ್ಲಿ, ಒಂದೇ ತ್ರಿಜ್ಯ, ಒಂದೇ ದಪ್ಪದ ಗೋಳ ಮತ್ತು ಸಿಲಿಂಡರ್ ಅಕ್ಕಪಕ್ಕ ಸಿಕ್ಕಿದವು. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೇ ಅವಕಾಶ ಸಿಗುವುದು ಕಷ್ಟ.

ಎರಡನೇ ಟ್ಯಾಂಕ್ ಶುರುವಾಗುವ ಮೊದಲು ಫೌಂಡ್ರಿಯ ಖರೀದಿ ನೋಡಿಕೊಳ್ಳುವ ಹುಡುಗ ಬಂದು ಕೇಳಿದ. ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು.

"ಸಾರ್, ಗೋಳದಲ್ಲಿ ಸ್ಟ್ರೆಸ್ ಸಿಲಿಂಡರಿನ ಅರ್ಧ ಅಲ್ವಾ? ಹಾಗಾದ್ರೆ ಡಿಶ್ ಎಂಡ್ 4 ಎಂಎಂ ಸಾಕಲ್ವಾ? ಎಂಟು ಯಾಕೆ?"

ಸ್ಟ್ರೆಸ್ ಅಂದರೆ ಪ್ಲೇಟಿನ ಒಂದೊಂದು ಚದರ ಎಂಎಂ ಹೊರುವ ಬಲ. ಪ್ರಶ್ನೆ ಸರಿಯಾಗೇ ಇದೆ. ಈ ಬರಹ ಪೂರ್ತಿ ಅದಕ್ಕೆ ಉತ್ತರ.

ಅರ್ಧ ಎಲ್ಲಿಂದ ಬಂತು

ಸಿಲಿಂಡರನ್ನು ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿದೆವು ಅಂದುಕೊಳ್ಳಿ. ಒಂದು ಮೀಟರ್ ಉದ್ದದ ತುಂಡನ್ನಷ್ಟೇ ನೋಡೋಣ. ಒಳಗಿನ ಗಾಳಿ ಎರಡು ಹೋಳುಗಳನ್ನು ದೂರ ತಳ್ಳುತ್ತದೆ. ತಳ್ಳುವ ಜಾಗ 1000 ಎಂಎಂ ಅಗಲ, 1000 ಎಂಎಂ ಉದ್ದ. ಪ್ರತಿ ಚದರ ಎಂಎಂಗೆ 1 ನ್ಯೂಟನ್ ಅಂದರೆ ಒಟ್ಟು 10 ಲಕ್ಷ ನ್ಯೂಟನ್. ಹತ್ತಿರಹತ್ತಿರ ನೂರು ಟನ್ ಭಾರ. ಇದನ್ನು ಹಿಡಿದುಕೊಳ್ಳುವುದು ಸೀಳಿದ ಎರಡು ಅಂಚುಗಳು ಮಾತ್ರ. ಅವುಗಳ ಒಟ್ಟು ವಿಸ್ತೀರ್ಣ 16,000 ಚದರ ಎಂಎಂ. ಭಾಗಿಸಿದರೆ 62.5 ಮೆಗಾಪ್ಯಾಸ್ಕಲ್. ಇದು ಸುತ್ತಳತೆಯ ದಿಕ್ಕಿನ ಸ್ಟ್ರೆಸ್, ಹೂಪ್ ಸ್ಟ್ರೆಸ್ ಅನ್ನುತ್ತಾರೆ.

ಈಗ ಅದೇ ಸಿಲಿಂಡರನ್ನು ಅಡ್ಡಕ್ಕೆ ಕತ್ತರಿಸಿ. ತಳ್ಳುವ ಜಾಗ ಒಂದು ವೃತ್ತ, ಬಲ ಸುಮಾರು 7.85 ಲಕ್ಷ ನ್ಯೂಟನ್. ಹಿಡಿದುಕೊಳ್ಳುವುದು ಪೂರ್ತಿ ಒಂದು ಬಳೆ. ಅದರ ವಿಸ್ತೀರ್ಣ ಸುಮಾರು 25,130 ಚದರ ಎಂಎಂ. ಸ್ಟ್ರೆಸ್ 31.25. ಗೋಳವನ್ನು ನಡುವೆ ಎಲ್ಲಿ ಕತ್ತರಿಸಿದರೂ ಇದೇ ವೃತ್ತ, ಇದೇ ಬಳೆ. ಅದಕ್ಕೇ ಗೋಳದಲ್ಲಿ ಎಲ್ಲಾ ದಿಕ್ಕಿನಲ್ಲೂ 31.25. ಸೂತ್ರದಲ್ಲಿ ಬರೆದರೆ ಹೀಗೆ, p ಪ್ರೆಶರ್, r ತ್ರಿಜ್ಯ, t ದಪ್ಪ, σ ಸ್ಟ್ರೆಸ್:

```
ಸಿಲಿಂಡರ್, ಸುತ್ತಳತೆಯ ದಿಕ್ಕು:  σ = p·r / t
ಸಿಲಿಂಡರ್, ಉದ್ದದ ದಿಕ್ಕು:       σ = p·r / 2t
ಗೋಳ, ಎಲ್ಲಾ ದಿಕ್ಕು:            σ = p·r / 2t
```

ತ್ರಿಜ್ಯ ದಪ್ಪಕ್ಕಿಂತ ಹತ್ತು ಪಟ್ಟಿಗಿಂತ ಜಾಸ್ತಿ ಇರುವಾಗ ಮಾತ್ರ ಈ ಲೆಕ್ಕ ನಂಬಬಹುದು. ನಮ್ಮಲ್ಲಿ 62 ಪಟ್ಟು ಇದೆ, ಚಿಂತೆಯಿಲ್ಲ.

ಲೆಕ್ಕ ಇಷ್ಟೇ. ಆದರೆ ಸಿಲಿಂಡರಿಗೆ ಯಾಕೆ ಈ ಕಷ್ಟ ಅನ್ನುವುದು ಇದರಿಂದ ಮನಸ್ಸಿಗೆ ಇಳಿಯುವುದಿಲ್ಲ. ನನಗೆ ಅದು ಹೊಳೆದಿದ್ದು ಹಗ್ಗದ ಮೂಲಕ. ಸೊಪ್ಪಿನ ಹೊರೆಗೆ ಹಗ್ಗ ಸುತ್ತಿ ಬಿಗಿದರೆ ಹಗ್ಗ ಹೊರೆಯನ್ನು ಒಳಕ್ಕೆ ಅದುಮುತ್ತದೆ. ಅದೇ ಹಗ್ಗವನ್ನು ಹೊರೆಯ ಉದ್ದಕ್ಕೆ ನೇರ ಎಳೆದು ಹಿಡಿದರೆ ಎಷ್ಟೇ ಬಿಗಿದರೂ ಒಳಕ್ಕೆ ಏನೂ ಅದುಮುವುದಿಲ್ಲ. ಬಾಗಿದ್ದರೆ ಮಾತ್ರ ಎಳೆತ ಒಳಮುಖ ಬಲವಾಗುತ್ತದೆ. ಸಿಲಿಂಡರ್ ಒಂದೇ ದಿಕ್ಕಿನಲ್ಲಿ ಬಾಗಿದೆ. ಉದ್ದದ ದಿಕ್ಕಿನಲ್ಲಿ ಅದು ನೇರ. ಅಲ್ಲಿರುವ 31.25ರ ಎಳೆತ ಗೋಡೆಯ ಮೇಲಿನ ಪ್ರೆಶರನ್ನು ತಡೆಯಲು ಒಂದಿಷ್ಟೂ ನೆರವಾಗುವುದಿಲ್ಲ. ಪೂರ್ತಿ ಹೊಣೆ ಸುತ್ತಳತೆಯ ದಿಕ್ಕಿನದು. ಗೋಳ ಎರಡೂ ದಿಕ್ಕಿನಲ್ಲಿ ಬಾಗಿದೆ, ಎರಡು ದಿಕ್ಕಿನ ಎಳೆತವೂ ಸಮಸಮ ಹೊರುತ್ತದೆ. ಅರ್ಧ ಬಂದಿದ್ದು ಹೀಗೆ.

ಶೆಡ್ಡಿನ ವೆಲ್ಡರಿಗೆ ಇದರಿಂದ ನೇರ ಉಪಯೋಗ ಇದೆ. ಸಿಲಿಂಡರಿನಲ್ಲಿ ಉದ್ದಕ್ಕೆ ಹೋಗುವ ಸೀಮ್, ಅಂದರೆ ವೆಲ್ಡ್ ಮಾಡಿದ ಜೋಡಣೆಯ ಮೇಲೆ ಬೀಳುವುದು 62.5. ಡಿಶ್ ಎಂಡ್ ಸೇರುವ ಸುತ್ತು ಸೀಮ್ ಮೇಲೆ ಅದರರ್ಧ. ಪ್ರೆಶರಿನಿಂದ ಒಡೆದ ಸಿಲಿಂಡರುಗಳು ಸಾಮಾನ್ಯವಾಗಿ ಉದ್ದಕ್ಕೆ ಸೀಳಿಕೊಳ್ಳುವುದು ಇದಕ್ಕೇ. ಎಕ್ಸ್‌ರೇ ತೆಗೆಯಲು ದುಡ್ಡು ಕಡಿಮೆ ಇದ್ದರೆ ಮೊದಲು ಉದ್ದದ ಸೀಮ್ ನೋಡಿ ಎಂದು ನಾನು ಹೇಳುತ್ತೇನೆ.

ಗೇಜ್ ಹೇಳಿದ್ದು ಬೇರೆ

ಮೊದಲ ಟ್ಯಾಂಕಿನ ಹೈಡ್ರೋ ಟೆಸ್ಟ್, ಅಂದರೆ ನೀರು ತುಂಬಿಸಿ ಪ್ರೆಶರ್ ಏರಿಸಿ ನೋಡುವ ದಿನ, ಹತ್ತಿರದ ಕಾಲೇಜೊಂದರ ವಿದ್ಯಾರ್ಥಿಗಳು ಸ್ಟ್ರೇನ್ ಗೇಜ್ ತಂದು ಅಂಟಿಸಿದ್ದರು. ಅಂಚೆಚೀಟಿಗಿಂತ ಸಣ್ಣ ಹಾಳೆ, ಅದರೊಳಗೆ ಹಾವಿನಂತೆ ಹೋಗಿ ಬರುವ ತೆಳು ಲೋಹದ ಗೆರೆ. ಪ್ಲೇಟ್ ಹಿಗ್ಗಿದರೆ ಗೆರೆಯೂ ಹಿಗ್ಗುತ್ತದೆ, ಅದರ ರೆಸಿಸ್ಟೆನ್ಸ್ ಬದಲಾಗುತ್ತದೆ. ಪೇಂಟ್ ಪೂರ್ತಿ ಉಜ್ಜಿ, ಅಸಿಟೋನಿನಿಂದ ಒರೆಸಿ, ಬೆರಳ ಜಿಡ್ಡು ತಾಗದ ಹಾಗೆ ಅಂಟಿಸಬೇಕು. ಮಳೆಗಾಲದ ತೇವದಲ್ಲಿ ಈ ಕೆಲಸ ಬಹಳ ತಾಳ್ಮೆ ಕೇಳುತ್ತದೆ. ಪ್ಲೇಟಿನ ಮೇಲೆ ಕಣ್ಣಿಗೆ ಕಾಣದ ತೇವ ಕೂತಿದ್ದರೂ ರೀಡಿಂಗ್ ಸುಮ್ನೆ ಜಾರುತ್ತಾ ಹೋಗುತ್ತದೆ. ಆ ಹುಡುಗರು ಜಾಗವನ್ನು ಬಿಸಿಗಾಳಿಯಿಂದ ಒಣಗಿಸಿ, ಗೇಜ್ ಮೇಲೆ ಸಿಲಿಕೋನ್ ಬಳಿದಿದ್ದರು.

ಟೆಸ್ಟ್ ಪ್ರೆಶರ್ ಡಿಸೈನಿನ 1.3 ಪಟ್ಟು. ಆಗ ಸಿಲಿಂಡರಿನ ಹೂಪ್ ಸ್ಟ್ರೆಸ್ 81.25, ಉದ್ದದ ದಿಕ್ಕಿನದು 40.6, ಗೋಳದ್ದೂ 40.6. ರೀಡಿಂಗ್ ಮೈಕ್ರೋಸ್ಟ್ರೇನಿನಲ್ಲಿ ಬರುತ್ತದೆ, ಹತ್ತು ಲಕ್ಷಕ್ಕೆ ಎಷ್ಟು ಹಿಗ್ಗಿತು ಅನ್ನುವ ಲೆಕ್ಕ. ಸಿಲಿಂಡರಿನ ಸುತ್ತಳತೆಯ ಗೇಜ್ 345ರ ಹತ್ತಿರ ನಿಂತಿತು. ಡಿಶ್ ಎಂಡಿನ ಗೇಜ್ 140 ದಾಟಿ ನಿಂತಿತು. ಸಿಲಿಂಡರಿನ ಉದ್ದದ ದಿಕ್ಕಿನ ಗೇಜಿನಲ್ಲಿ ಬಂದಿದ್ದು ಸುಮಾರು 80.

ವಿದ್ಯಾರ್ಥಿಗಳ ಮುಖ ಸಪ್ಪಗಾಯಿತು. ಅರ್ಧ ಬರಬೇಕಿತ್ತು, ಬಂದಿಲ್ಲ. 345ಕ್ಕೂ 142ಕ್ಕೂ ನಡುವೆ 2.4 ಪಟ್ಟು ವ್ಯತ್ಯಾಸ. ಇನ್ನು ಉದ್ದದ ದಿಕ್ಕಿನದು ಅರ್ಧವೂ ಅಲ್ಲ, ಕಾಲು ಭಾಗಕ್ಕಿಂತಲೂ ಕಡಿಮೆ. ಒಬ್ಬ ಹುಡುಗಿ ಆಗಲೇ 345 ಮೈಕ್ರೋಸ್ಟ್ರೇನನ್ನು ಉಕ್ಕಿನ ಎಲಾಸ್ಟಿಕ್ ಮಾಡ್ಯುಲಸ್ 2 ಲಕ್ಷ ಮೆಗಾಪ್ಯಾಸ್ಕಲಿನಿಂದ ಗುಣಿಸಿ 69 ಅಂತ ಬರೆದುಕೊಂಡಿದ್ದಳು. "ಸಾರ್, 81 ಬರಬೇಕಿತ್ತು, 69 ಬಂದಿದೆ. ಗೇಜ್ ಸರಿ ಕೂತಿಲ್ವಾ?"

ಗೇಜ್ ಸರಿಯಾಗೇ ಕೂತಿತ್ತು. ತಂತಿಯೊಂದನ್ನು ಒಂದೇ ದಿಕ್ಕಿಗೆ ಎಳೆದಾಗ ಮಾತ್ರ ಹೀಗೆ ಗುಣಿಸಬಹುದು. ಇಲ್ಲಿ ಪ್ಲೇಟನ್ನು ಎರಡು ದಿಕ್ಕಿಗೆ ಒಟ್ಟಿಗೇ ಎಳೆಯಲಾಗುತ್ತಿದೆ. ಉಕ್ಕನ್ನು ಒಂದು ಕಡೆ ಎಳೆದರೆ ಅಡ್ಡ ದಿಕ್ಕಿನಲ್ಲಿ ಹಿಗ್ಗಿದ್ದರ 0.3 ಪಾಲು ಕುಗ್ಗುತ್ತದೆ. ಇದು ಪಾಯ್ಸನ್ ರೇಶಿಯೋ. ಹಾಗಾಗಿ ಒಂದು ದಿಕ್ಕಿನ ಎಳೆತ ಇನ್ನೊಂದು ದಿಕ್ಕಿನ ಹಿಗ್ಗುವಿಕೆಯನ್ನು ತಗ್ಗಿಸುತ್ತದೆ. ಸಿಲಿಂಡರಿನ ಸುತ್ತಳತೆಯಲ್ಲಿ 81.25ರಿಂದ 40.6ರ 0.3 ಪಾಲು ಕಳೆಯಬೇಕು, ಉಳಿಯುವುದು 69. ಉದ್ದದ ದಿಕ್ಕಿನಲ್ಲಿ 40.6ರಿಂದ 81.25ರ 0.3 ಪಾಲು ಕಳೆಯಬೇಕು, ಉಳಿಯುವುದು ಬರೀ 16. ಗೋಳದಲ್ಲಿ 40.6ರಿಂದ 40.6ರ 0.3 ಪಾಲು, ಉಳಿಯುವುದು 28. ಈ ಮೂರನ್ನೂ 2 ಲಕ್ಷದಿಂದ ಭಾಗಿಸಿದರೆ ಮೈಕ್ರೋಸ್ಟ್ರೇನಿನಲ್ಲಿ 345, 81, 142. ಗೇಜ್ ತೋರಿಸಿದ್ದು ಇವನ್ನೇ.

ಈ ಜಾಗದಲ್ಲಿ ಎಡವಿದರೆ ಅಪಾಯದ ಕಡೆಗೇ ಎಡವುತ್ತೇವೆ. ಒಂದೇ ಗೇಜಿನ ರೀಡಿಂಗನ್ನು ನೇರ ಗುಣಿಸಿದರೆ ಉದ್ದದ ದಿಕ್ಕಿನಲ್ಲಿ ನಿಜವಾದ 40.6ರ ಬದಲು 16 ಕಾಣುತ್ತದೆ. ಸ್ಟ್ರೆಸ್ ತಿಳಿಯಬೇಕಾದರೆ ಒಂದೇ ಜಾಗದಲ್ಲಿ ಎರಡು ದಿಕ್ಕಿನ ಗೇಜ್ ಬೇಕು. ಆಮೇಲೆ ಈ ಲೆಕ್ಕ, ಇದರಲ್ಲಿ ε ಅಂದರೆ ಗೇಜ್ ತೋರಿಸಿದ ಹಿಗ್ಗುವಿಕೆ, E ಮಾಡ್ಯುಲಸ್, ν ಪಾಯ್ಸನ್ ರೇಶಿಯೋ:

```
σ₁ = E·(ε₁ + ν·ε₂) / (1 − ν²)
```

345 ಮತ್ತು 81 ಇಟ್ಟು ಮಾಡಿ ನೋಡಿದಾಗ ಆ ಹುಡುಗಿಗೆ 81 ಸಿಕ್ಕಿತು.

ಜೋಡಣೆಯ ಹತ್ತಿರ ಏನಾಗುತ್ತದೆ

ಸ್ಟ್ರೆಸ್ ಎರಡು ಪಟ್ಟು, ಹಿಗ್ಗುವುದು 2.4 ಪಟ್ಟು. ಈ ವ್ಯತ್ಯಾಸಕ್ಕೆ ಅರ್ಥ ಬರುವುದು ಗೋಳ ಮತ್ತು ಸಿಲಿಂಡರ್ ಸೇರುವ ಜಾಗದಲ್ಲಿ. ಟೆಸ್ಟ್ ಪ್ರೆಶರಿನಲ್ಲಿ ಸಿಲಿಂಡರಿನ ತ್ರಿಜ್ಯ ತನ್ನಷ್ಟಕ್ಕೆ 0.17 ಎಂಎಂ ಬೆಳೆಯಬೇಕು. ಗೋಳದ ತ್ರಿಜ್ಯ 0.07. ಆದರೆ ಎರಡನ್ನೂ ವೆಲ್ಡ್ ಮಾಡಿದ್ದೇವೆ, ಬೇರೆಬೇರೆ ಬೆಳೆಯುವ ಹಾಗಿಲ್ಲ. ಗೋಳ ಸಿಲಿಂಡರನ್ನು ಒಳಕ್ಕೆ ಎಳೆಯುತ್ತದೆ, ಸಿಲಿಂಡರ್ ಗೋಳವನ್ನು ಹೊರಕ್ಕೆ ಎಳೆಯುತ್ತದೆ. ಕೊನೆಗೆ ನಡುವೆ ಎಲ್ಲೋ ರಾಜಿಯಾಗುತ್ತವೆ. ಆ ರಾಜಿಗಾಗಿ ಪ್ಲೇಟ್ ಬಾಗುತ್ತದೆ. p·r/t ಸೂತ್ರದಲ್ಲಿ ಈ ಬಾಗುವಿಕೆಗೆ ಜಾಗವೇ ಇಲ್ಲ.

ದಪ್ಪ ಎರಡು ಕಡೆಯೂ ಸಮ ಇದ್ದರೆ ಇದರ ಪೂರ್ತಿ ಉತ್ತರ ಗೊತ್ತಿದೆ. ಸರಿಯಾಗಿ ಸೀಮ್ ಮೇಲೆ ಬಾಗುವಿಕೆ ಸೊನ್ನೆ. ಅತಿ ಹೆಚ್ಚು ಬಾಗುವುದು ಸೀಮ್ ಬಿಟ್ಟು ಸಿಲಿಂಡರಿನ ಕಡೆಗೆ, ನಮ್ಮ ಅಳತೆಯಲ್ಲಿ ಸುಮಾರು 39 ಎಂಎಂ ದೂರದಲ್ಲಿ. ಅಲ್ಲಿ ಹೊರ ಮೈಯ ಉದ್ದದ ದಿಕ್ಕಿನ ಸ್ಟ್ರೆಸ್ ಸೂತ್ರದ್ದಕ್ಕಿಂತ ಶೇಕಡಾ 29 ಜಾಸ್ತಿ. ಹೂಪ್ ಸ್ಟ್ರೆಸ್ ಇನ್ನೂ ಸ್ವಲ್ಪ ಮುಂದೆ ಹೋದ ಮೇಲೆ ಶೇಕಡಾ 3ರಷ್ಟು ಏರುತ್ತದೆ. ಒಂದೂವರೆ ಗೇಣು ದೂರ ಹೋಗುವಷ್ಟರಲ್ಲಿ ಎಲ್ಲಾ ಅಡಗಿಹೋಗುತ್ತದೆ.

ಇದನ್ನು ಕಣ್ಣಾರೆ ನೋಡಬೇಕು ಅಂತ ಒಂದು ಗೇಜನ್ನು ಸೀಮಿನಿಂದ 40 ಎಂಎಂ ದೂರದಲ್ಲಿ, ಉದ್ದದ ದಿಕ್ಕಿಗೆ ಅಂಟಿಸಲು ಹೇಳಿದ್ದೆ. ಟ್ಯಾಂಕಿನ ನಡುವೆ 80 ತೋರಿಸಿದ್ದ ದಿಕ್ಕು ಇಲ್ಲಿ 145ರ ಆಸುಪಾಸು ತೋರಿಸಿತು. ಅದೇ ಪ್ಲೇಟ್, ಅದೇ ಪ್ರೆಶರ್. ಈ ಒಂದು ರೀಡಿಂಗ್ ನೋಡಿಯೇ ಹುಡುಗರಿಗೆ ಸಮಾಧಾನವಾಗಿದ್ದು. ಹಾಗೇ ಸರಳ ಸೂತ್ರವನ್ನು ಪರೀಕ್ಷಿಸಲು ಗೇಜ್ ಹಾಕುವವರು ಸೀಮಿನಿಂದ ಎಷ್ಟು ದೂರ ಇರಬೇಕು ಅನ್ನುವುದೂ ಗೊತ್ತಾಯಿತು. ತ್ರಿಜ್ಯ ಮತ್ತು ದಪ್ಪದ ಗುಣಲಬ್ಧದ ವರ್ಗಮೂಲ ತೆಗೆದು, ಅದರ ಎರಡೂವರೆ ಪಟ್ಟು ದೂರ ಇಡಬೇಕು. ನಮ್ಮಲ್ಲಿ ಅದು ಸುಮಾರು 160 ಎಂಎಂ.

ದಪ್ಪ ಸಮ ಇದ್ದಾಗ ಉದ್ದದ ದಿಕ್ಕಿನಲ್ಲಿ ಏರಿದ ಸ್ಟ್ರೆಸ್ ಕೂಡ ಹೂಪ್ ಸ್ಟ್ರೆಸ್ಸಿಗಿಂತ ಕೆಳಗೇ ಇದೆ. ಡಿಸೈನ್ ಪ್ರೆಶರಿನಲ್ಲಿ 40 ಎಲ್ಲಿ, 62.5 ಎಲ್ಲಿ. ಅದಕ್ಕೇ ಅರ್ಧಗೋಳದ ತುದಿ ಇಷ್ಟು ಒಳ್ಳೆಯದು.

ಹಾಗಾದರೆ 4 ಎಂಎಂ?

ಡಿಶ್ ಎಂಡ್ 4 ಎಂಎಂ ಆದರೆ ಅದರ ಸ್ಟ್ರೆಸ್ 62.5, ಸಿಲಿಂಡರಿನಷ್ಟೇ. ಇಲ್ಲಿ ಹುಡುಗನ ಪರವಾಗಿ ಒಂದು ಮಾತು ಹೇಳಲೇಬೇಕು. ತೆಳು ಗೋಳ ಜಾಸ್ತಿ ಹಿಗ್ಗುತ್ತದೆ, ಆದ್ದರಿಂದ ಸಿಲಿಂಡರಿಗೂ ಅದಕ್ಕೂ ಇರುವ ಹಿಗ್ಗುವಿಕೆಯ ವ್ಯತ್ಯಾಸ ಕಡಿಮೆಯಾಗುತ್ತದೆ. ಆ ಒಂದು ಲೆಕ್ಕದಲ್ಲಿ 4 ಎಂಎಂ ಉತ್ತಮವೇ. ತೊಂದರೆ ಬರುವುದು ಬೇರೆ ಕಡೆಯಿಂದ.

ಮೊದಲನೆಯದು ತುಕ್ಕು. ಮಲೆನಾಡಿನ ಮಳೆಗಾಲದ ಗಾಳಿಯನ್ನು ಕಂಪ್ರೆಸರ್ ಒಳಗೆ ಎಳೆದುಕೊಳ್ಳುತ್ತದೆ. 28 ಡಿಗ್ರಿಯಲ್ಲಿ ತೇವ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 27 ಗ್ರಾಂ ನೀರಿರುತ್ತದೆ. 10 ಬಾರ್ ಪ್ರೆಶರಿಗೆ, ಅಂದರೆ ಹೊರಗಿನ ಗಾಳಿಯ 1 ಬಾರ್ ಸೇರಿ 11ಕ್ಕೆ, ಅದುಮಿದಾಗ ಗಾಳಿ ಹನ್ನೊಂದನೇ ಒಂದು ಭಾಗಕ್ಕೆ ಇಳಿಯುತ್ತದೆ. ಮತ್ತೆ ತಣ್ಣಗಾದ ಮೇಲೆ ಅಷ್ಟು ಜಾಗದಲ್ಲಿ ಎರಡೂವರೆ ಗ್ರಾಂ ಮಾತ್ರ ಆವಿಯಾಗಿ ಉಳಿಯಬಲ್ಲದು. ಮಿಕ್ಕ ಸುಮಾರು 24.5 ಗ್ರಾಂ ನೀರಾಗಿ ಕೆಳಗಿಳಿಯುತ್ತದೆ. ಎಳೆದುಕೊಂಡ ಒಂದೊಂದು ಘನ ಮೀಟರಿಗೂ ಹೀಗೇ. ಡ್ರೈನ್ ವಾಲ್ವ್ ದಿನಾ ತೆರೆಯದಿದ್ದರೆ ನೀರು ತಳದಲ್ಲೇ ನಿಲ್ಲುತ್ತದೆ. ಹಳೇ ಟ್ಯಾಂಕ್ ಹೋಗಿದ್ದು ಇದರಿಂದಲೇ. ಅದಕ್ಕೆ 1.5 ಎಂಎಂ ತುಕ್ಕಿನ ಪಾಲು ಇಟ್ಟಿದ್ದೆ. ತುಕ್ಕು ಗೋಳವೋ ಸಿಲಿಂಡರೋ ಅಂತ ನೋಡುವುದಿಲ್ಲ. ಸ್ಟ್ರೆಸ್ ಅರ್ಧವಾದರೂ ಈ 1.5 ಅರ್ಧವಾಗುವುದಿಲ್ಲ.

ಲೆಕ್ಕ ಹೀಗೆ ಬಂತು. ಪ್ಲೇಟಿಗೆ ಅನುಮತಿಸಿದ ಸ್ಟ್ರೆಸ್ 138 ಮೆಗಾಪ್ಯಾಸ್ಕಲ್. ಎಕ್ಸ್‌ರೇ ಮಾಡಿಸದ ಸೀಮಿಗೆ ಅದರ 0.7 ಪಾಲು ಮಾತ್ರ ಲೆಕ್ಕಕ್ಕೆ.

```
ಸಿಲಿಂಡರ್: t = P·R / (S·E − 0.6P)  = 500 / (96.6 − 0.6)  = 5.21
ಗೋಳ:      t = P·R / (2S·E − 0.2P) = 500 / (193.2 − 0.2) = 2.59
```

ಇಲ್ಲಿ S ಅಂದರೆ ಆ 138, E ಅಂದರೆ ವೆಲ್ಡಿಗೆ ಕೊಡುವ 0.7, ಮೇಲಿನ ಮಾಡ್ಯುಲಸ್ ಅಲ್ಲ. 2.59ಕ್ಕೆ 1.5 ಸೇರಿಸಿದರೆ 4.09. ನಾಲ್ಕರ ಪ್ಲೇಟ್ ಇಲ್ಲೇ ಬಿದ್ದುಹೋಯಿತು.

ಎರಡನೆಯದು, 4 ಎಂಎಂ ಪ್ಲೇಟನ್ನು ಅರ್ಧಗೋಳಕ್ಕೆ ಒತ್ತಿದ ಮೇಲೆ ಅದು 4 ಎಂಎಂ ಆಗಿ ಉಳಿಯುವುದಿಲ್ಲ. ಲೆಕ್ಕಕ್ಕೆ ತಗೊಳ್ಳಬೇಕಾದ್ದು ಒತ್ತಿದ ಮೇಲೆ ಅತಿ ತೆಳುವಾದ ಜಾಗ.

ಮೂರನೆಯದು ಜೋಡಣೆ. 8ರ ಪ್ಲೇಟಿಗೆ 4ರ ಪ್ಲೇಟನ್ನು ಒಳ ಮೈ ಸಮ ಮಾಡಿ ಸೇರಿಸಿದರೆ ಎರಡರ ನಡುಗೆರೆಗಳು 2 ಎಂಎಂ ತಪ್ಪುತ್ತವೆ. ಸುತ್ತು ಸೀಮಿನ ಪ್ರತಿ ಎಂಎಂಗೂ 250 ನ್ಯೂಟನ್ ಎಳೆತ ಇದೆ. ಎಳೆತದ ಗೆರೆ 2 ಎಂಎಂ ಪಕ್ಕಕ್ಕೆ ಜಿಗಿದಾಗ ಪ್ರತಿ ಎಂಎಂಗೆ 500 ನ್ಯೂಟನ್-ಎಂಎಂ ಬಾಗಿಸುವ ಮೊಮೆಂಟ್ ಸರಿಯಾಗಿ ವೆಲ್ಡ್ ಮೇಲೇ ಹುಟ್ಟುತ್ತದೆ. ದಪ್ಪ ಸಮ ಇದ್ದಾಗ ಸೊನ್ನೆ ಇದ್ದ ಜಾಗ ಅದು. ಕಂಪ್ರೆಸರ್ ದಿನವಿಡೀ ಆನ್-ಆಫ್ ಆಗುತ್ತಿದ್ದರೆ ವೆಲ್ಡಿನ ಅಂಚಿನಲ್ಲಿ ಬಿರುಕು ಶುರುವಾಗಲು ಇಂಥದ್ದೇ ಜಾಗ ಸಾಕು.

"ಹಾಗಾದ್ರೆ ಪೂರ್ತಿ ಗೋಳವನ್ನೇ ಮಾಡಿಬಿಟ್ರೆ?" ಅಂತ ಹುಡುಗ ಮತ್ತೆ ಕೇಳಿದ. ಅದನ್ನೂ ನೋಡಿದೆವು. ಇಷ್ಟೇ ಗಾಳಿ ಹಿಡಿಯುವ ಗೋಳಕ್ಕೆ ತ್ರಿಜ್ಯ 794 ಎಂಎಂ ಬೇಕು. ತ್ರಿಜ್ಯ ಬೆಳೆದ ಕೂಡಲೇ ಅರ್ಧದ ಲಾಭ ಕರಗುತ್ತದೆ. 8 ಎಂಎಂ ಪ್ಲೇಟಿನಲ್ಲಿ ಸ್ಟ್ರೆಸ್ 49.6, ಸಿಲಿಂಡರಿನ 62.5ಕ್ಕಿಂತ ಶೇಕಡಾ 21 ಮಾತ್ರ ಕಡಿಮೆ. ಜೊತೆಗೆ ಒಂದೂವರೆ ಮೀಟರಿಗೂ ಮೀರಿದ ವ್ಯಾಸದ ಗೋಳಕ್ಕೆ ಪ್ಲೇಟನ್ನು ಎಸಳುಗಳಾಗಿ ಕತ್ತರಿಸಿ, ಎರಡೂ ದಿಕ್ಕಿಗೆ ಬಾಗಿಸಿ, ಎಲ್ಲಾ ಸೀಮನ್ನೂ ಒಂದೇ ಕಾಳಜಿಯಿಂದ ವೆಲ್ಡ್ ಮಾಡಬೇಕು. ಗೋಳದಲ್ಲಿ ಹಗುರವಾದ ಸೀಮ್ ಅಂತ ಒಂದೂ ಇಲ್ಲ. ಈ ಅಳತೆಗೆ ಅದು ಕಟ್ಟುವುದಿಲ್ಲ. ನೂರಾರು ಟನ್ ಎಲ್‌ಪಿಜಿ ಕೂಡಿಡುವವರಿಗೆ ಕಟ್ಟುತ್ತದೆ.

ಕೊನೆಗೆ ಮಾಡಿದ್ದು

ಎರಡನೇ ಟ್ಯಾಂಕಿಗೆ 6 ಎಂಎಂ ಪ್ಲೇಟಿನ ಡಿಶ್ ಎಂಡ್ ಒತ್ತಿಸಿದೆವು. ಒತ್ತಿ ಬಂದ ಮೇಲೆ ಅಲ್ಟ್ರಾಸಾನಿಕ್ ಗೇಜ್ ಇಟ್ಟು ಗೋಳದ ಮೈ ಪೂರ್ತಿ ಅಳೆದಾಗ ಅತಿ ತೆಳುವಾದ ಜಾಗದಲ್ಲಿ 5.2 ಎಂಎಂ ಸಿಕ್ಕಿತು. ಬೇಕಿದ್ದ 4.09ಕ್ಕಿಂತ ಚೆನ್ನಾಗೇ ಮೇಲಿದೆ. 8ರ ಶೆಲ್ಲಿನ ಅಂಚನ್ನು ಹೊರಗಿನಿಂದ ಗ್ರೈಂಡರ್ ಹಿಡಿದು ಇಳಿಜಾರು ಮಾಡಿಸಿದೆವು. ದಪ್ಪದ ವ್ಯತ್ಯಾಸದ ಮೂರು ಪಟ್ಟಾದರೂ ಇಳಿಜಾರಿನ ಉದ್ದ ಇರಬೇಕು. 2 ಎಂಎಂ ವ್ಯತ್ಯಾಸಕ್ಕೆ 6 ಎಂಎಂ ಸಾಕು, ವೆಲ್ಡರ್ ಅಣ್ಣ 10 ಬಿಟ್ಟುಕೊಟ್ಟರು.

ಫೌಂಡ್ರಿಯವರ ಕೈಗೆ ಎರಡನೇ ಟ್ಯಾಂಕಿನ ಎರಡು ಅಂಕಿ ಬರೆದುಕೊಟ್ಟಿದ್ದೇನೆ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ತಳಭಾಗದ ದಪ್ಪ ಅಳೆಯಬೇಕು. ಶೆಲ್ 5.2 ಎಂಎಂಗೆ ಇಳಿದರೆ ಟ್ಯಾಂಕ್ ನಿಲ್ಲಿಸಬೇಕು. ಡಿಶ್ ಎಂಡಿಗೆ ಆ ಗಡಿ 2.6. ಇವತ್ತಿನ ದಪ್ಪದಿಂದ ಲೆಕ್ಕ ಹಾಕಿದರೆ ಶೆಲ್ಲಿಗೆ 2.8 ಎಂಎಂ ಉಳಿದಿದೆ, ಡಿಶ್ ಎಂಡಿನ ಅತಿ ತೆಳು ಜಾಗಕ್ಕೆ 2.6. ತುಕ್ಕು ಎರಡು ಕಡೆಯೂ ಒಂದೇ ವೇಗದಲ್ಲಿ ತಿಂದರೆ ಎರಡೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಗಡಿ ಮುಟ್ಟುತ್ತವೆ.